ಇನ್ನು ಮೂರೇ ದಿನ: ಆಟದಿಂದ ಏನು ತೆಗೆಯಲಿ, ತಂಡಕ್ಕೆ ಹೇಗೆ ಹೇಳಲಿ?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಒಂಬತ್ತು ದಿನದಲ್ಲಿ ಆಟ ಮಾಡಿ ಮುಗಿಸೋ ಗೇಮ್ ಜ್ಯಾಮ್ ಸ್ಪರ್ಧೆಯಲ್ಲಿದ್ದೇವೆ. ನಾನು ಲೀಡ್. ತುಂಗಭದ್ರೆಯಲ್ಲಿ ಹರಿಗೋಲು ನಡೆಸೋ ಆಟ, ಗೊಡೋ ಗೇಮ್ ಎಂಜಿನ್‌ನಲ್ಲಿ ಮಾಡ್ತಿದ್ದೇವೆ. ಹುಟ್ಟು ಹಾಕೋದು, ಹರಿಗೋಲು ತಿರುಗೋದು, ಜನರನ್ನ ದಾಟಿಸೋದು ಸರಿಯಾಗಿದೆ. ಇಬ್ಬರು ಒಟ್ಟಿಗೆ ಆಡೋ ಕೋ-ಆಪ್ 80 ಪರ್ಸೆಂಟ್ ಆಗಿದೆ. ಪ್ರತಿ ಸಲ ಹೊಸ ನದಿ ತಾನಾಗೇ ಹುಟ್ಟುತ್ತೆ, ಆದ್ರೆ ಕೆಲವು ನದಿ ದಾಟೋಕೇ ಆಗಲ್ಲ. ಅಂಗಡಿಯ ಚಿತ್ರ ಇದೆ, ವ್ಯಾಪಾರ ಇಲ್ಲ. ಮೊಸಳೆ ಬರೆದಾಗಿದೆ, ಅದು ಬೆನ್ನಟ್ಟಲ್ಲ. 40 ಸಾಲು ಕನ್ನಡ ಮಾತು, ಸೇವ್, ಸ್ಕೋರ್ ಬೋರ್ಡ್ ಎಲ್ಲ ಅರ್ಧಂಬರ್ಧ. ಇವತ್ತು ಗುರುವಾರ ರಾತ್ರಿ, ಭಾನುವಾರ ರಾತ್ರಿ 9ಕ್ಕೆ ಕೊನೆ. ತಂಡಕ್ಕೆ ಹೀಗೆ ಬರೆದಿಟ್ಟಿದ್ದೇನೆ, ಕಳಿಸೋಕೆ ಮನಸ್ಸು ಬರ್ತಿಲ್ಲ: "ಫ್ರೆಂಡ್ಸ್, ಟೈಮ್ ಸಾಲಲ್ಲ. ಕೋ-ಆಪ್, ಅಂಗಡಿ, ಮೊಸಳೆ, ಸೇವ್ ಡ್ರಾಪ್. ಸಾರಿ. ಉಳಿದದ್ದು ಟೈಮ್ ಇದ್ರೆ ನೋಡೋಣ." ಕೋ-ಆಪ್ ಮಾಡಿದವನು ನಾಲ್ಕು ದಿನ ಅದರ ಮೇಲೇ ಕೂತಿದ್ದ. ಏನು ತೆಗೆಯಲಿ, ಹೇಗೆ ಹೇಳಲಿ?
(ಹೊಸಪೇಟೆಯ ಓದುಗ)

ಉತ್ತರ: ಕಳಿಸದೇ ಇದ್ದದ್ದು ಒಳ್ಳೆಯದಾಯಿತು. ಆ ಪತ್ರದಲ್ಲಿ ಅಪಾಯ ಇರುವುದು ಕೊನೆಯ ಸಾಲಿನಲ್ಲಿ. "ಟೈಮ್ ಇದ್ರೆ ನೋಡೋಣ" ಅಂತ ಬರೆದರೆ, ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಯಾರೋ ಒಬ್ಬರು ಸ್ಕೋರ್ ಬೋರ್ಡ್ ಶುರು ಮಾಡುತ್ತಾರೆ. ಅವರ ತಪ್ಪಲ್ಲ. ನೀವೇ ಬಾಗಿಲು ತೆರೆದಿಟ್ಟಿದ್ದೀರಿ.

ಪತ್ರಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಗದ ತೆಗೆದುಕೊಂಡು ಗಂಟೆಗಳ ಲೆಕ್ಕ ಹಾಕಿ. ಮೂರು ದಿನ ಅಂದರೆ 72 ಗಂಟೆ ಅನಿಸುತ್ತದೆ, ಅಲ್ವಾ? ನಿಮ್ಮ ತಂಡದವರಿಗೆಲ್ಲ ನಾಳೆ ಕಾಲೇಜೋ ಕೆಲಸವೋ ಇದೆ ಅಂದುಕೊಳ್ಳುತ್ತೇನೆ. ಶುಕ್ರವಾರ ಸಂಜೆ ತಲಾ 3 ಗಂಟೆ, ಒಟ್ಟು 12. ಶನಿವಾರ ತಲಾ 8, ಒಟ್ಟು 32. ಭಾನುವಾರ ಮಧ್ಯಾಹ್ನದವರೆಗೆ ತಲಾ 3, ಒಟ್ಟು 12. ಎಲ್ಲ ಸೇರಿ 56. ಇದರಲ್ಲಿ ಬ್ರೌಸರ್‌ನಲ್ಲೇ ಆಡುವಂಥ ಬಿಲ್ಡ್ ತೆಗೆಯುವುದು, ಆಟದ ಪುಟ ತಯಾರಿಸುವುದು, ಹೊರಗಿನ ಇಬ್ಬರ ಕೈಲಿ ಆಡಿಸಿ ನೋಡುವುದು ಇವಕ್ಕೇ 16 ಹೋಗುತ್ತದೆ. ಉಳಿದ 40ರಲ್ಲಿ ಅರ್ಧ ಈಗಾಗಲೇ ಮಾಡಿರುವುದನ್ನು ಸರಿಪಡಿಸುವುದಕ್ಕೆ. ಹೊಸ ಕೆಲಸಕ್ಕೆ ಸಿಗುವುದು 20 ಗಂಟೆ, ಅದೂ ನಾಲ್ಕು ಜನರಿಗೆ ಸೇರಿ. ನಿಮ್ಮ ಅಂಕಿ ಬೇರೆ ಇರಬಹುದು. ಆದರೆ ಲೆಕ್ಕ ಹಾಕಿ, ಆ ಅಂಕಿಯನ್ನು ಪತ್ರದಲ್ಲೇ ಬರೆಯಿರಿ. "ಟೈಮ್ ಸಾಲಲ್ಲ" ಅಂದರೆ ವಾದ ಮಾಡಬಹುದು, 20 ಅನ್ನೋ ಅಂಕಿಯ ಜೊತೆ ವಾದ ಮಾಡುವುದು ಕಷ್ಟ.

ಈಗ ಆ 80 ಪರ್ಸೆಂಟ್. ಇದು ಬಹಳ ತಂಡಗಳು ನಂಬುವ ಮಾತು: ಇಷ್ಟು ಆಗಿದೆಯಲ್ಲ, ಇನ್ನು ಸ್ವಲ್ಪ ತಾನೇ, ಮುಗಿಸಿಬಿಡೋಣ. ಆದರೆ ಆ 80 ಬರೆದಿರುವ ಕೋಡ್‌ನ ಲೆಕ್ಕ. ಉಳಿದ 20 ಇರುವುದು ಜೋಡಣೆಯಲ್ಲಿ. ಎರಡು ಹರಿಗೋಲು ದೂರ ದೂರ ಹೋದರೆ ಕ್ಯಾಮೆರಾ ಯಾರ ಹಿಂದೆ ಹೋಗಬೇಕು? ಒಂದು ಮಗುಚಿದರೆ ಆಟ ಮುಗಿಯಿತೋ, ಇನ್ನೊಬ್ಬ ಮುಂದುವರಿಸಬಹುದೋ? ದಂಡೆಯಲ್ಲಿ ನಿಂತ ಅಜ್ಜಿ ಯಾರ ಹರಿಗೋಲು ಹತ್ತುತ್ತಾಳೆ? ಇದರಲ್ಲಿ ಯಾವುದಕ್ಕೆ ಉತ್ತರ ಹುಡುಕಿದರೂ ಬೇರೆಯವರು ಮಾಡಿದ ಕಡೆ ಕೈ ಹಾಕಬೇಕು. ಅದರ ಮೇಲೆ, ಇನ್ನು ಮುಂದೆ ಏನೇ ಬದಲಾಯಿಸಿದರೂ ಎರಡೆರಡು ಸಲ ಆಡಿ ನೋಡಬೇಕು, ಒಮ್ಮೆ ಒಬ್ಬರೇ, ಒಮ್ಮೆ ಇಬ್ಬರು. ಇನ್ನೊಂದು ಸಣ್ಣ ವಿಷಯ: ಅಗ್ಗದ ಕೀಬೋರ್ಡ್‌ಗಳಲ್ಲಿ ಇಬ್ಬರೂ ಒಟ್ಟಿಗೆ ನಾಲ್ಕೈದು ಕೀ ಒತ್ತಿದರೆ ಕೆಲವು ಕೀ ಒತ್ತಿದ ಹಾಗೇ ಆಗುವುದಿಲ್ಲ. ಆಡುವವರಿಗೆ ಅದು ನಿಮ್ಮ ಆಟದ ದೋಷ ಅಂತಲೇ ಕಾಣುತ್ತದೆ.

ಹಾಗಾಗಿ ನಾನು ತೆಗೆಯುವಾಗ ಎಷ್ಟು ಆಗಿದೆ ಅಂತ ಕೇಳುವುದಿಲ್ಲ. ಇದನ್ನು ಇಟ್ಟುಕೊಂಡರೆ ಬೇರೆ ಎಷ್ಟು ಕಡೆ ಕೈ ಹಾಕಬೇಕು ಅಂತ ಕೇಳುತ್ತೇನೆ. ಕೋ-ಆಪ್ ಎಲ್ಲ ಕಡೆಗೂ ತಾಗುತ್ತದೆ. ಅದು ಹೋಗಬೇಕು. ನಿಮ್ಮ ಪಟ್ಟಿಯಲ್ಲಿ ಮೊಸಳೆಯೂ ಹೋಗುತ್ತಿದೆ, ಅಲ್ಲಿ ನನಗೆ ಒಪ್ಪಿಗೆ ಇಲ್ಲ. ಬೆನ್ನಟ್ಟುವ ಮೊಸಳೆ ಬೇಡ ಅಷ್ಟೆ. ನಮ್ಮ ನದಿಗಳ ಮೊಸಳೆ ಹಗಲೊತ್ತು ಹೆಚ್ಚಾಗಿ ಏನು ಮಾಡುತ್ತದೆ? ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತದೆ. ಹಾಗೇ ಮಲಗಿಸಿ. ಬಂಡೆಗೆ ತಾಗಿದರೆ ಹರಿಗೋಲು ಮಗುಚುವ ಕೋಡ್ ನಿಮ್ಮಲ್ಲಿ ಹೇಗೂ ಇರುತ್ತದೆ, ಬಂಡೆಯ ಚಿತ್ರದ ಜಾಗದಲ್ಲಿ ಮೊಸಳೆ ಬರುತ್ತದೆ. ಒಂದು ಗಂಟೆಯ ಕೆಲಸ, ಬರೆದವರ ಶ್ರಮವೂ ಆಟದಲ್ಲಿ ಉಳಿಯುತ್ತದೆ.

ನದಿಯ ವಿಷಯ ಇನ್ನೂ ಮಜವಾಗಿದೆ. ತಾನಾಗೇ ಹುಟ್ಟುವ ನದಿಯನ್ನು ಪೂರ್ತಿ ಕಿತ್ತು, ಕೈಯಲ್ಲಿ ಮೂರು ನದಿ ಬಿಡಿಸಬೇಕು ಅಂತ ನಿಮಗೆ ಅನಿಸಬಹುದು. ಬೇಡ. ಪ್ರತಿ ನದಿಯೂ ಒಂದು ಸೀಡ್ ಸಂಖ್ಯೆಯಿಂದ ಹುಟ್ಟುತ್ತದೆ. ಅದೇ ಸಂಖ್ಯೆ ಕೊಟ್ಟರೆ ಅದೇ ನದಿ. ಇವತ್ತು ರಾತ್ರಿ ಮೂವತ್ತು ಸಂಖ್ಯೆ ಹಾಕಿ ನೋಡಿ. ದಾಟಲು ಆಗುವ, ಒಂದಕ್ಕಿಂತ ಒಂದು ಸ್ವಲ್ಪ ಕಷ್ಟವಾದ ಮೂರನ್ನು ಆರಿಸಿ, ಗಟ್ಟಿ ಮಾಡಿಬಿಡಿ:

```gdscript
const RIVERS = [11, 204, 738]
var rng = RandomNumberGenerator.new()

func make_river(n):
    rng.seed = RIVERS[n]
```

ದಾಟಲಾಗದ ನದಿ ಯಾಕೆ ಹುಟ್ಟುತ್ತದೆ ಅನ್ನುವ ಕಷ್ಟದ ಬಗ್ ಇನ್ನು ಹುಡುಕುವುದೇ ಬೇಡ. ಆದರೆ ಇಲ್ಲೊಂದು ಕಡೆ ಜಾರುತ್ತಾರೆ. ನದಿ ಕಟ್ಟುವ ಕೋಡ್‌ನಲ್ಲಿ ಎಲ್ಲ ಕಡೆ `rng.randf()` ಇರಬೇಕು. ಎಲ್ಲೋ ಒಂದು ಕಡೆ ಬರೀ `randf()` ಉಳಿದಿದ್ದರೆ, ಅಥವಾ ಬಂಡೆಗಳ ಪಟ್ಟಿಗೆ `shuffle()` ಹಾಕಿದ್ದರೆ, ಅವು ನಿಮ್ಮ `rng` ಅನ್ನು ಕೇಳುವುದಿಲ್ಲ, ನದಿ ಮತ್ತೆ ಬೇರೆಯಾಗುತ್ತದೆ. ಆರಿಸಿದ ಮೇಲೆ ಆ ಫೈಲ್‌ಗೆ ಯಾರೂ ಕೈ ಹಾಕಬಾರದು. ಮಧ್ಯೆ ಒಂದೇ ಒಂದು ಹೊಸ `rng` ಸಾಲು ಸೇರಿದರೂ ಅದರ ನಂತರದ್ದೆಲ್ಲ ಬದಲಾಗುತ್ತದೆ. ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಆಟವನ್ನು ಮೂರು ಸಲ ಮುಚ್ಚಿ ತೆರೆದು ಮೊದಲನೇ ನದಿಯ ಚಿತ್ರ ತೆಗೆದುಕೊಳ್ಳಿ. ಮೂರೂ ಒಂದೇ ಥರ ಇರಬೇಕು.

ಮೂರೇ ನದಿ ಆದಮೇಲೆ ಸೇವ್ ಯಾಕೆ? ಹತ್ತು ನಿಮಿಷದ ಆಟದಲ್ಲಿ ಉಳಿಸಿಕೊಳ್ಳುವುದು ಏನೂ ಇಲ್ಲ. ತೆಗೆದುಬಿಡಿ. ಅಂಗಡಿ ತೆಗೆಯುವಾಗ ಮಾತ್ರ ಹುಷಾರು. ಅಂಗಡಿ ಹೋಗಿ ನಾಣ್ಯ ಉಳಿದರೆ, ಆಡುವವರು ಕೊನೆಯವರೆಗೂ ಈ ದುಡ್ಡು ಎಲ್ಲಿ ಖರ್ಚು ಮಾಡಬೇಕು ಅಂತ ಹುಡುಕುತ್ತಾರೆ. ಒಂದೋ ನಾಣ್ಯವನ್ನೂ ತೆಗೆಯಿರಿ, ಇಲ್ಲವೇ ಅದಕ್ಕೆ ಬೇರೆ ಅರ್ಥ ಕೊಡಿ. ದಾಟಿಸಿದ್ದಕ್ಕೆ ಕೂಲಿ ಅಂತ ಮಾಡಿ, ಕೊನೆಯ ತೆರೆಯಲ್ಲಿ "ಇವತ್ತಿನ ಸಂಪಾದನೆ" ಅಂತ ತೋರಿಸಿದರೆ ಸ್ಕೋರ್ ಬೋರ್ಡ್ ಕೂಡ ಬೇಕಾಗುವುದಿಲ್ಲ.

40 ಸಾಲಿನ ಮಾತಿನಲ್ಲಿ ಎಂಟು ಉಳಿಸಿ. ಆದರೆ ಕನ್ನಡದ ಮಾತು ಅಂದಾಗ ನನಗೆ ಬೇರೊಂದು ಭಯ. ನಿಮ್ಮ ಕಂಪ್ಯೂಟರ್‌ನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತಿರಬೇಕು. ನೀವು ಫಾಂಟ್ ಸೇರಿಸದಿದ್ದರೂ ಗೊಡೋ ಸಿಸ್ಟಮ್‌ನಲ್ಲಿರುವ ಕನ್ನಡ ಫಾಂಟ್ ಎರವಲು ತರುತ್ತದೆ. ಬ್ರೌಸರ್‌ನಲ್ಲಿ ಆ ಎರವಲು ಸಿಗುವುದಿಲ್ಲ, ಅಜ್ಜಿಯ ಮಾತಿನ ಜಾಗದಲ್ಲಿ ಬರೀ ಚೌಕ ಚೌಕ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಫೈಲನ್ನು ಪ್ರಾಜೆಕ್ಟ್ ಒಳಗೇ ಇಟ್ಟು, ಅದನ್ನೇ ಥೀಮ್‌ನ ಫಾಂಟ್ ಮಾಡಿ. ಹತ್ತು ನಿಮಿಷದ ಕೆಲಸ. ಭಾನುವಾರ ರಾತ್ರಿ ಎಂಟೂವರೆಗೆ ಕಂಡುಬಂದರೆ ಮಾತ್ರ ಅದು ಹತ್ತು ನಿಮಿಷದ್ದಾಗಿರುವುದಿಲ್ಲ.

ಬ್ರೌಸರ್ ಬಿಲ್ಡ್ ಬಗ್ಗೆ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಿಮ್ಮ ಅಂಕ ನಿಂತಿರುವುದು ಅದರ ಮೇಲೆ. ಮತ ಹಾಕುವ ಬೇರೆ ತಂಡದವರು ಒಂದರ ಹಿಂದೆ ಒಂದು ಆಟ ತೆರೆಯುತ್ತಾ ಹೋಗುತ್ತಾರೆ. ಡೌನ್‌ಲೋಡ್ ಮಾಡಬೇಕಾದದ್ದನ್ನು ಸುಮ್ನೆ ದಾಟಿಹೋಗುತ್ತಾರೆ. ನಿಮ್ಮ ಜ್ಯಾಮ್ itch.io ತಾಣದ ಮೇಲಿದ್ದರೆ ಅಲ್ಲಿನ ಲೆಕ್ಕ ಹೀಗಿದೆ: ಎಲ್ಲ ಆಟಗಳನ್ನೂ ಅವಕ್ಕೆ ಬಂದ ಮತಗಳ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವಿನ ಆಟಕ್ಕೆ ಎಷ್ಟು ಮತ ಅಂತ ನೋಡುತ್ತಾರೆ. ನಿಮಗೆ ಅದಕ್ಕಿಂತ ಕಡಿಮೆ ಬಂದರೆ ಅಂಕ ಇಳಿಯುತ್ತದೆ. ನಡುವಿನ ಸಂಖ್ಯೆ 16, ನಿಮಗೆ ಬಂದದ್ದು 9 ಅಂದುಕೊಳ್ಳಿ. 9ನ್ನು 16ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.75. ಜನ ಸರಾಸರಿ 4 ಅಂಕ ಕೊಟ್ಟಿದ್ದರೂ ಫಲಿತಾಂಶದ ಪಟ್ಟಿಯಲ್ಲಿ ನಿಮಗೆ ಕಾಣುವುದು 3. ಕೋ-ಆಪ್ ಇದ್ದರೂ ಇಷ್ಟು ಏರುತ್ತಿರಲಿಲ್ಲ. ಒಂಟಿಯಾಗಿ ಕೂತು ಮತ ಹಾಕುವವರು ಅದನ್ನು ಆಡುವುದೇ ಅಪರೂಪ.

ಇನ್ನು ಪತ್ರ. ಕಳಿಸುವ ಮೊದಲು ಕೋ-ಆಪ್ ಮಾಡಿದವನಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನ್. ನಾಲ್ಕು ದಿನದ ಕೆಲಸ ಹೋಯಿತು ಅಂತ ಅವನು ಎಲ್ಲರ ಜೊತೆ ಗ್ರೂಪ್‌ನಲ್ಲಿ ಓದಬಾರದು. ಅವನಿಗೆ ಬೇಸರವಾಗುತ್ತದೆ, ಆಗಲಿ. ಆ ಬೇಸರ ನಿಮ್ಮ ಕಿವಿಗೆ ಬೀಳಲಿ, ಗ್ರೂಪ್‌ಗೆ ಬೇಡ.

ವೋಟ್ ಹಾಕಿಸೋಣ ಅಂತ ಕೆಲವರು ಹೇಳುತ್ತಾರೆ. ನಾನು ಎರಡು ಜ್ಯಾಮ್‌ನಲ್ಲಿ ಹಾಕಿಸಿ ನೋಡಿದ್ದೇನೆ. ಗೆಳೆಯರಲ್ಲಿ ದಾಕ್ಷಿಣ್ಯ ಜಾಸ್ತಿ. ಅವನದು ಉಳಿಯಲಿ ಅಂತ ಇವನು, ಇವನದು ಉಳಿಯಲಿ ಅಂತ ಅವನು. ಕೊನೆಗೆ ಹೋಗುವುದು ಯಾರೂ ಶುರುವೇ ಮಾಡದ ಕೆಲಸ ಮಾತ್ರ. ನೀವೇ ತೀರ್ಮಾನಿಸಿದರೆ ದುಡುಕು ಅನ್ನಿಸಿಕೊಳ್ಳುವ ಅಪಾಯ ಇದೆ, ನಿಮ್ಮ ಲೆಕ್ಕವೇ ತಪ್ಪಿರುವ ಅಪಾಯವೂ ಇದೆ. ಅದಕ್ಕೇ ಪತ್ರದಲ್ಲಿ ಆಕ್ಷೇಪಕ್ಕೆ ಒಂದು ಸಮಯ ಕೊಡಿ, ಆ ಸಮಯ ದಾಟಿದ ಮೇಲೆ ಕೊಡಬೇಡಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಹೆಸರಿನ ಜಾಗದಲ್ಲಿ ಕೆಲಸ ಬರೆದಿದ್ದೇನೆ, ನೀವು ಹೆಸರು ಹಾಕಿಕೊಳ್ಳಿ.

> ಎಲ್ಲರಿಗೂ,
>
> ಲೆಕ್ಕ ಹಾಕಿದೆ. ಭಾನುವಾರದೊಳಗೆ ಹೊಸ ಕೆಲಸಕ್ಕೆ ನಮ್ಮ ನಾಲ್ವರಿಗೂ ಸೇರಿ ಇರೋದು 20 ಗಂಟೆ. ಪಟ್ಟಿಯಲ್ಲಿರೋದು ಅದರ ಮೂರರಷ್ಟಿದೆ. ಅದಕ್ಕೆ ಕೆಲವನ್ನು ತೆಗೆಯುತ್ತಿದ್ದೇನೆ. ತೀರ್ಮಾನ ನನ್ನದು, ಬೈಯೋದಿದ್ದರೆ ನನ್ನನ್ನೇ ಬೈಯಿರಿ.
>
> ನಮ್ಮ ಆಟ ಇಷ್ಟು: ಒಬ್ಬ ಅಂಬಿಗ, ತಿರುಗೋ ಹರಿಗೋಲು, ಮೂರು ನದಿ, ದಾಟಬೇಕಾದ ಜನ. ಇದಕ್ಕೆ ಬೇಕಿಲ್ಲದ್ದು ಯಾವುದೂ ಈ ಸಲ ಇಲ್ಲ.
>
> ಕೋ-ಆಪ್ ಇರೋದಿಲ್ಲ. ಅದರ ಕೋಡ್‌ನಲ್ಲಿ ಏನೂ ತಪ್ಪಿಲ್ಲ. ಅದನ್ನು ಇಟ್ಟರೆ ಕ್ಯಾಮೆರಾ, ಪ್ಯಾಸೆಂಜರ್, ಸೋಲು ಗೆಲುವು ಎಲ್ಲವನ್ನೂ ಮತ್ತೆ ಮುಟ್ಟಬೇಕು, ಅಷ್ಟು ಗಂಟೆ ಇಲ್ಲ. ಎರಡನೇ ಹರಿಗೋಲು ಆಟದಲ್ಲಿ ಉಳಿಯುತ್ತೆ. ಮೂರನೇ ನದಿಯಲ್ಲಿ ಅದು ಯಾರೂ ಇಲ್ಲದೆ ಸೆಳವಿಗೆ ಸಿಕ್ಕಿ ಎದುರಿಗೆ ಬರುತ್ತೆ, ನಾವು ತಪ್ಪಿಸಿಕೊಳ್ಳಬೇಕು. ಕೋ-ಆಪ್ ಮಾಡಿದವನೇ, ಡಿಕ್ಕಿ ಹೊಡೆಯೋ ಕೋಡ್ ಈಗಾಗಲೇ ಬರೆದಿದ್ದೀಯ, ಅದೇ ಸಾಕು. ಶುಕ್ರವಾರ ರಾತ್ರಿಯೊಳಗೆ ಅದನ್ನು ಸೇರಿಸಿ, ಆಮೇಲೆ ವೆಬ್ ಬಿಲ್ಡ್ ನಿನ್ನದು.
>
> ಹೊಸ ಹೊಸ ನದಿ ಹುಟ್ಟೋದಿಲ್ಲ. ಆರಿಸಿದ ಮೂರು ಸೀಡ್ ಮಾತ್ರ. ನಾನೇ ಇವತ್ತು ರಾತ್ರಿ ಆರಿಸುತ್ತೇನೆ. ಆಮೇಲೆ ಆ ಫೈಲ್ ಯಾರೂ ಮುಟ್ಟಬೇಡಿ, ನಾನೂ ಮುಟ್ಟಲ್ಲ.
>
> ಅಂಗಡಿ ಇಲ್ಲ. ನಾಣ್ಯ ಇರುತ್ತೆ, ಅದು ಕೂಲಿ. ಅಂಗಡಿಗೆ ಬರೆದ ದಂಡೆಯ ಚಿತ್ರ ಕೊನೆಯ ತೆರೆಗೆ ಹಿನ್ನೆಲೆ ಆಗುತ್ತೆ. ಮೊಸಳೆ ಬಂಡೆ ಮೇಲೆ ಮಲಗಿರುತ್ತೆ, ಬೆನ್ನಟ್ಟಲ್ಲ. ಹೊಸ ಚಿತ್ರ ಬೇಕಾಗಿರೋದು ಒಂದೇ: ಮೊದಲ ತೆರೆಯಲ್ಲಿ ಯಾವ ಕೀ ಒತ್ತಿದರೆ ಹುಟ್ಟು ಯಾವ ಕಡೆ ಅಂತ ತೋರಿಸೋದು.
>
> 40 ಸಾಲು ಮಾತಿನಲ್ಲಿ 8 ಸಾಕು. ಯಾವ 8 ಅನ್ನೋದು ಬರೆದವರೇ ಆರಿಸಲಿ. ಸಂಗೀತ ಎರಡು ಟ್ರ್ಯಾಕ್ ಇದೆ, ಮೂರನೆಯದು ಬೇಡ. ಅದರ ಬದಲು ಹುಟ್ಟು ನೀರಿಗೆ ಬೀಳೋ ಸದ್ದು, ಮಗುಚೋ ಸದ್ದು ಬೇಕು.
>
> ಸೇವ್ ಇಲ್ಲ. ಸ್ಕೋರ್ ಬೋರ್ಡ್ ಇಲ್ಲ. ಟೈಮ್ ಉಳಿದರೂ ಇಲ್ಲ. ಟೈಮ್ ಉಳಿದರೆ ಇರೋದನ್ನೇ ಮತ್ತೆ ಆಡಿ ನೋಡೋಣ.
>
> ನನ್ನ ಲೆಕ್ಕ ಎಲ್ಲಾದರೂ ತಪ್ಪಿದ್ದರೆ ನಾಳೆ ಬೆಳಿಗ್ಗೆ 9ರೊಳಗೆ ಹೇಳಿ. ಒಂದು ಸೇರಬೇಕು ಅಂದರೆ ಅಷ್ಟೇ ಗಂಟೆಯ ಇನ್ನೊಂದು ಯಾವುದು ಹೋಗಬೇಕು ಅಂತಲೂ ಹೇಳಿ.
>
> ಶನಿವಾರ ರಾತ್ರಿ 10ಕ್ಕೆ ಹೊಸದು ಸೇರಿಸೋದು ನಿಲ್ಲುತ್ತೆ, ಅವತ್ತೇ ಒಂದು ಬಿಲ್ಡ್ ಸಲ್ಲಿಸಿಬಿಡೋಣ. ಭಾನುವಾರ ಮಧ್ಯಾಹ್ನ 12ರ ಮೇಲೆ ಕೋಡ್‌ಗೆ ಕೈ ಇಲ್ಲ.

ಈ ಪತ್ರದಲ್ಲಿ ತೆಗೆದ ಹೆಚ್ಚಿನವುಗಳ ಪಕ್ಕದಲ್ಲಿ ಅದನ್ನು ಮಾಡಿದವರಿಗೆ ಮುಂದಿನ ಕೆಲಸ ಇದೆ, ಗಮನಿಸಿ. ಕೆಲಸ ಹೋದದ್ದಕ್ಕಿಂತ, ನಾಳೆ ಸಂಜೆ ನಾನು ಏನು ಮಾಡಲಿ ಅಂತ ಗೊತ್ತಿಲ್ಲದೆ ಕೂರುವುದೇ ಜಾಸ್ತಿ ಚುಚ್ಚುತ್ತದೆ. ಹಾಗಂತ ಸುಳ್ಳು ಸಮಾಧಾನ ಬೇಡ. "ಜ್ಯಾಮ್ ಆದಮೇಲೆ ಕೋ-ಆಪ್ ಸೇರಿಸೋಣ" ಅಂತ ನಾನು ಬರೆದಿಲ್ಲ. ನೀವು ನಿಜವಾಗಿಯೂ ಸೇರಿಸುತ್ತೀರಿ ಅಂತಾದರೆ ಮಾತ್ರ ಬರೆಯಿರಿ.

ತೆಗೆಯುವ ಕೆಲಸವನ್ನು ಇವತ್ತೇ ಮಾಡಿ, ಒಬ್ಬರೇ ಮಾಡಿ. ಮೊದಲು ಎಲ್ಲರ ಕೆಲಸವೂ ಕಮಿಟ್ ಆಗಿ ಸೇರಿದೆಯೇ ಅಂತ ನೋಡಿ, ಈಗಿರುವ ಸ್ಥಿತಿಗೆ ಒಂದು ಗುರುತು ಹಾಕಿ:

```
git tag before-cut
git push origin before-cut
```

ಆಮೇಲೆ ಕೋ-ಆಪ್, ಅಂಗಡಿ, ಸೇವ್ ಇವುಗಳ ನೋಡ್‌ಗಳನ್ನು ಮುಖ್ಯ ಸೀನ್‌ನಿಂದ ತೆಗೆದೇ ಬಿಡಿ. ಬಟನ್ ಮರೆಮಾಡಿ ಕೋಡ್ ಒಳಗೇ ಬಿಟ್ಟರೆ ಅದು ಸುಮ್ನೆ ಇರುವುದಿಲ್ಲ. ಎರಡನೇ ಆಟಗಾರನ ಕೀ ಯಾರೋ ಒತ್ತುತ್ತಾರೆ, ಕಾಣದ ಹರಿಗೋಲೊಂದು ಎಲ್ಲೋ ಚಲಿಸುತ್ತದೆ. ಟ್ಯಾಗ್ ಇರುವುದರಿಂದ ಏನೂ ಕಳೆದುಹೋಗುವುದಿಲ್ಲ, ಆ ಗೆಳೆಯನಿಗೂ ಇದನ್ನು ಫೋನ್‌ನಲ್ಲೇ ಹೇಳಿ.

ಒಬ್ಬರೇ ಮಾಡಿ ಅಂದದ್ದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಜ್ಯಾಮ್‌ನಲ್ಲಿ ನಾನು ಲೀಡ್ ಆಗಿದ್ದಾಗ ಕೊನೆಯ ರಾತ್ರಿ ಎರಡು ಗಂಟೆಗೆ ತೆಗೆಯಲು ಕೂತೆ. ಅದೇ ಹೊತ್ತಿಗೆ ಇನ್ನೊಬ್ಬರು ಅದೇ `Main.tscn` ತೆರೆದು ಸದ್ದು ಸೇರಿಸುತ್ತಿದ್ದರು. ಇಬ್ಬರದನ್ನೂ ಸೇರಿಸುವಾಗ ಫೈಲ್ ಕೆಟ್ಟಿತು, ನಿದ್ದೆಗಣ್ಣಿನಲ್ಲಿ ತಪ್ಪಾದ ಭಾಗ ಉಳಿಸಿಕೊಂಡೆ. ನಾವು ಸಲ್ಲಿಸಿದ ಆಟದಲ್ಲಿ ಶುರು ಒತ್ತಿದರೆ ಕಪ್ಪು ಪರದೆ. ಸಂಗೀತ ಮಾತ್ರ ಚೆನ್ನಾಗಿ ಬರುತ್ತಿತ್ತು.

ಕೊನೆಗೆ, ಶನಿವಾರ ರಾತ್ರಿ ಸಲ್ಲಿಸುವ ಬಿಲ್ಡ್. ಜಿಪ್ ತೆರೆದ ಕೂಡಲೇ `index.html` ಕಾಣಬೇಕು, ಇನ್ನೊಂದು ಫೋಲ್ಡರ್ ಒಳಗಿರಬಾರದು. ವಿಂಡೋಸ್‌ನಲ್ಲಿ `Mosale.png` ಅನ್ನು ಕೋಡ್‌ನಲ್ಲಿ `mosale.png` ಅಂತ ಬರೆದಿದ್ದರೂ ನಡೆಯುತ್ತದೆ, ಎಕ್ಸ್‌ಪೋರ್ಟ್ ಮಾಡಿದ ಮೇಲೆ ನಡೆಯುವುದಿಲ್ಲ, ಮೊಸಳೆ ಮಾಯ. ಬ್ರೌಸರ್ ಒಂದು ಕ್ಲಿಕ್ ಆಗುವವರೆಗೂ ಸದ್ದು ಬಿಡುವುದಿಲ್ಲ, ಆದ್ದರಿಂದ ಮೊದಲ ತೆರೆಯಲ್ಲಿ ಶುರು ಬಟನ್ ಇರಲಿ. ಇವನ್ನೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲಿ ನೋಡಬೇಡಿ. ಆಟ ಒಮ್ಮೆಯೂ ನೋಡದ ತಮ್ಮನೋ ಪಕ್ಕದ ಮನೆಯವರೋ ಇದ್ದರೆ ಅವರ ಲ್ಯಾಪ್‌ಟಾಪ್‌ನಲ್ಲಿ ಲಿಂಕ್ ತೆರೆದುಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಅವರು ಅಜ್ಜಿಯನ್ನು ದಂಡೆ ಮುಟ್ಟಿಸುವವರೆಗೆ ಎಷ್ಟು ಸಲ ನಿಮ್ಮ ಮುಖ ನೋಡುತ್ತಾರೋ, ಭಾನುವಾರ ಬೆಳಿಗ್ಗೆ ನಿಮಗೆ ಅಷ್ಟು ಕೆಲಸ.